ಅರಿಶಿನ ಮೆತ್ತಿದ ಗೇಜು

ಎರಡು ಇಂಟರ್‌ವ್ಯೂಗಳಲ್ಲಿ ನಾನು ಒಂದೇ ಪ್ರಶ್ನೆಗೆ ಬಿದ್ದೆ. ಡ್ರಾಯಿಂಗ್ ಓದುವುದು, ಅಳತೆ, ಗ್ರಾಹಕರ ದೂರು ಬಂದರೆ ಏನು ಮಾಡಬೇಕು, ಏನು ಕೇಳಿದರೂ ನಾಲಿಗೆಯ ತುದಿಯಲ್ಲೇ ಉತ್ತರವಿತ್ತು. ಕೊನೆಗೆ ಎಚ್.ಆರ್. ನವರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿ, ನೀವು ಸೋತ ಒಂದು ಸಂದರ್ಭ ಹೇಳಿ ಎನ್ನುತ್ತಿದ್ದರು. ಅಲ್ಲಿಗೆ ನನ್ನ ಗಾಡಿ ಪಂಕ್ಚರ್.

ಮೊದಲನೆಯ ಸಲ, ಅಂಥದ್ದೇನೂ ಇಲ್ಲ ಸಾರ್, ಕೆಲಸ ಜಾಸ್ತಿ ಮಾಡಿಬಿಡ್ತೀನಿ, ಅದೇ ನನ್ನ ವೀಕ್‌ನೆಸ್ಸು ಅಂದೆ. ಆ ಮನುಷ್ಯ ಪೆನ್ನಿಗೆ ಕ್ಯಾಪ್ ಹಾಕಿಬಿಟ್ಟ. ಎರಡನೆಯ ಸಲ ನಿಜವಾಗಿ ನಡೆದದ್ದನ್ನೇ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಕೈಕೆಳಗಿನವರು, ಮೇಲಿನವರು, ಲಾರಿ ಡ್ರೈವರ್, ಎಲ್ಲರೂ ತಪ್ಪಿತಸ್ಥರಾಗಿ ಸಾಲಾಗಿ ನಿಂತಿದ್ದರು. ನಾನೊಬ್ಬ ಮಾತ್ರ ಅವರ ನಡುವೆ ಇಸ್ತ್ರಿ ಮಾಡಿದ ಶರ್ಟಿನ ಹಾಗೆ ಕಲೆಯಿಲ್ಲದೆ ನೇತಾಡುತ್ತಿದ್ದೆ. ತಿಳಿಸ್ತೀವಿ ಅಂದರು. ತಿಳಿಸಲಿಲ್ಲ.

ಆಗ ನಾನು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಪಂಪುಗಳಿಗೆ ಬೇರಿಂಗ್ ಕೂರುವ ಬಿಡಿಭಾಗ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಕ್ವಾಲಿಟಿ ಇನ್‌ಚಾರ್ಜ್ ಆಗಿದ್ದೆ. ಹಗಲು ಕೆಲಸ, ಸಂಜೆ ಕಾಲೇಜು ಮಾಡಿ ಬಿ.ಇ. ಮುಗಿಸಿದವನು. ನಮ್ಮ ವಂಶದಲ್ಲಿ ಡಿಗ್ರಿ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿದ್ದು ನನ್ನಿಂದಲೇ ಶುರು. ಬಾಪೂಜಿ ನಗರದ ನಮ್ಮ ಮನೆಯಲ್ಲಿ ಅದು ದೇವರ ಪಟದ ಪಕ್ಕದಲ್ಲೇ ಇತ್ತು. ಅಮ್ಮ ದಿನಾ ಎರಡಕ್ಕೂ ಊದುಬತ್ತಿ ತೋರಿಸುತ್ತಿದ್ದಳು. ಆದರೆ ಆ ವರ್ಕ್‌ಶಾಪಿನಲ್ಲಿ ನನಗೆ ಮೇಲಕ್ಕೆ ಹೋಗಲು ಮೆಟ್ಟಿಲೇ ಇರಲಿಲ್ಲ. ನನ್ನ ಮೇಲಿದ್ದವರು ಮಾಲೀಕರೊಬ್ಬರೇ, ಅವರ ನಂತರ ಅವರ ಅಳಿಯ. ಅಸಿಸ್ಟೆಂಟ್ ಮ್ಯಾನೇಜರ್ ಅಂತ ಎಲ್ಲಾದರೂ ಕೂರದಿದ್ದರೆ, ಆ ಫ್ರೇಮಿನೊಳಗಿನ ಕಾಗದ ಬರೀ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ ಎಂಬ ಹೆದರಿಕೆ ನನಗಿತ್ತು.

ಮೂರನೆಯ ಅವಕಾಶ ಬಂದದ್ದು ವಿಜಯನಗರದ ಒಂದು ಕನ್ಸಲ್ಟೆನ್ಸಿಯ ಮೂಲಕ. ಕನ್ಸಲ್ಟೆನ್ಸಿ ಅಂದರೆ ಬೇಕರಿಯ ಮೇಲಿನ ಒಂದು ಕೋಣೆ, ಒಂದು ಕಂಪ್ಯೂಟರು, ಎರಡು ಫೋನು, ಒಬ್ಬರು ಮೇಡಂ. ದೊಡ್ಡ ಕಾರ್ಖಾನೆಯೊಂದರ ಪರ್ಸನೆಲ್ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು, ಸ್ವಯಂ ನಿವೃತ್ತಿ ತಗೊಂಡು ಈ ಅಂಗಡಿ ತೆರೆದಿದ್ದರು. ಕೆಳಗಿನಿಂದ ಬನ್ನಿನ ಪರಿಮಳ ಸದಾ ಮೇಲಕ್ಕೆ ಬರುತ್ತಿತ್ತು. ಅಲ್ಲಿಗೆ ಹಸಿದುಕೊಂಡು ಹೋದರೆ ಇಂಗ್ಲಿಷ್ ಮರೆತುಹೋಗುತ್ತಿತ್ತು.

ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿರುವ ಒಂದು ಕಂಪನಿಗೆ ಕ್ವಾಲಿಟಿಯಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಬೇಕಾಗಿದೆ, ನಿಮ್ಮನ್ನು ಕಳಿಸುತ್ತೇನೆ, ಆದರೆ ಹಿಂದಿನ ಎರಡರಲ್ಲಿ ಯಾಕೆ ಬಿದ್ದಿರಿ ಹೇಳಿ ಎಂದು ಮೇಡಂ ಕೇಳಿದರು. ಹೇಳಿದೆ. ಅವರು ನಗಲಿಲ್ಲ. ಹೊಸದಾಗಿ ಕಾಲೇಜು ಮುಗಿಸಿದವರಿಗೆ ಈ ಪ್ರಶ್ನೆ ಅಷ್ಟು ಮುಖ್ಯ ಅಲ್ಲ, ಅವರು ಸೋತರೆ ಒಂದು ಪರೀಕ್ಷೆಯಲ್ಲಿ ಸೋತಿರುತ್ತಾರೆ ಎಂದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿದರು.

"ನಿಮ್ಮಂಥೋರು ನಡುವೆ ಇರೋರು ನೋಡಿ. ಮೇಲೂ ಒಬ್ಬ ಇದಾನೆ, ಕೆಳಗೂ ಹತ್ತು ಜನ ಇದಾರೆ. ತಪ್ಪಾದ್ರೆ ಯಾವ ಕಡೆಗೆ ಬೇಕಾದ್ರೂ ತಳ್ಬೋದು. ತಳ್ತೀರೋ ಇಲ್ವೋ ಅಂತಾನೇ ಅವ್ರು ನೋಡೋದು."

ಮೇಡಂ ಖಾರ, ಕರಿಬೇವು ಹಾಕಿ ಹುರಿದ ಕಾಂಗ್ರೆಸ್ ಕಡಲೇಬೀಜದ ಪೊಟ್ಟಣ ಬಿಚ್ಚಿ ಮೇಜಿನ ನಡುವೆ ಇಟ್ಟರು. ಕತೆ ಹೇಳುತ್ತಾ ಹೋಗಿ, ಬೇರೆಯವರ ಮೇಲೆ ತಪ್ಪು ಹೊರಿಸಿದಾಗೆಲ್ಲ ಒಂದು ಬೀಜ ನನ್ನ ಕಡೆ ಇಡುತ್ತೇನೆ, ಮುಗಿದ ಮೇಲೆ ಈ ಕಡೆ ಇದ್ದದ್ದೆಲ್ಲ ನನಗೆ, ಉಳಿದದ್ದು ನಿಮಗೆ ಎಂದರು. ನನಗೆ ಕಾಂಗ್ರೆಸ್ ಬೀಜ ಅಂದರೆ ಪ್ರಾಣ. ಹುಷಾರಾಗಿಯೇ ಶುರು ಮಾಡಿದೆ.

ನಡೆದದ್ದು ಇಷ್ಟು. ಹಿಂದಿನ ವರ್ಷದ ಆಯುಧಪೂಜೆ. ನಮ್ಮಲ್ಲಿ ಅವತ್ತು ಮಷಿನ್‌ಗಳನ್ನೆಲ್ಲ ತೊಳೆದು, ಹೂವು ಹಾಕಿ, ಕುಂಬಳಕಾಯಿ ಒಡೆಯುತ್ತೇವೆ. ವರ್ನಿಯರ್, ಮೈಕ್ರೋಮೀಟರ್, ಗೇಜುಗಳನ್ನೆಲ್ಲ ಬಾಳೆಲೆಯ ಮೇಲೆ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚುತ್ತೇವೆ. ಅದರಲ್ಲಿ ನಮ್ಮ ಪ್ಲಗ್ ಗೇಜೂ ಇತ್ತು. ಪ್ಲಗ್ ಗೇಜು ಎಂದರೆ ತೂತಿನ ಅಳತೆ ನೋಡುವ ಉಕ್ಕಿನ ಕಡ್ಡಿ. ಒಂದು ತುದಿಗೆ ಗೋ ಅಂತ ಹೆಸರು, ಅದು ತೂತಿನೊಳಗೆ ಹೋಗಬೇಕು. ಇನ್ನೊಂದು ತುದಿ ನೋ-ಗೋ, ಗೋ ತುದಿಗಿಂತ ಕೂದಲೆಳೆಯಷ್ಟೂ ಇಲ್ಲದ ಅಂತರದಲ್ಲಿ ದಪ್ಪ, ಅದು ಒಳಗೆ ಹೋಗಬಾರದು. ಹೋದರೆ ತೂತು ದೊಡ್ಡದಾಗಿದೆ ಅಂತ ಅರ್ಥ, ಪೀಸು ರಿಜೆಕ್ಟು.

ಹಬ್ಬ ಮುಗಿಸಿ ಬಂದ ಮೊದಲ ಬೆಳಿಗ್ಗೆ ಗೇಟಿನ ಹೊರಗೆ ಲಾರಿ ನಿಂತಿತ್ತು. ಬೋರಿಂಗ್ ಮಷಿನ್ ನಡೆಸುತ್ತಿದ್ದ ಆಪರೇಟರ್ ಗೇಜು ತಗೊಂಡರು. ಗೋ ತುದಿಯಲ್ಲಿ ಒಣಗಿದ ಅರಿಶಿನ ಇತ್ತು, ಅದು ತೂತಿಗೆ ಇಳಿಯಲಿಲ್ಲ, ಒರೆಸಿದರು, ಇಳಿಯಿತು. ನೋ-ಗೋ ತುದಿಯಲ್ಲೂ ತೆಳ್ಳಗೆ ಅರಿಶಿನ ಮೆತ್ತಿಕೊಂಡಿತ್ತು. ಅದೂ ಇಳಿಯಲಿಲ್ಲ. ಆದರೆ ಅದು ಇಳಿಯಬಾರದ್ದೇ ತಾನೆ? ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಅವತ್ತು ಮಷಿನ್ನಿನ ಸೆಟ್ಟಿಂಗ್ ಒಂಚೂರು ಆಚೆ ಹೋಗಿ ತೂತುಗಳೆಲ್ಲ ದೊಡ್ಡದಾಗಿದ್ದವು. ಅರಿಶಿನದ ಗೇಜು ಎಲ್ಲವನ್ನೂ ಪಾಸು ಮಾಡಿತು. ಗ್ರಾಹಕರ ಕಾರ್ಖಾನೆಯಲ್ಲಿ ಬೇರಿಂಗು ಗಟ್ಟಿಯಾಗಿ ಕೂರದೆ ಲೊಡಲೊಡ ಅಂದಿತು. ಇಡೀ ಲೋಡು ವಾಪಸ್ಸು ಬಂತು. ಅಲ್ಲಿ ಅವರ ಲೈನು ನಿಂತಿತು, ಇಲ್ಲಿ ಮಾಲೀಕರ ಮುಖ ಕೆಂಪಾಯಿತು.

ಇದನ್ನು ನಾನು ಮೇಡಂಗೆ ಹೇಳಿದ ರೀತಿ ಬೇರೆ. ಆಪರೇಟರ್ ನೋ-ಗೋ ತುದಿ ಒರೆಸಿರಲಿಲ್ಲ ಅಂದೆ, ಒಂದು ಬೀಜ ಆ ಕಡೆ ಹೋಯಿತು. ಪೂಜೆ ಮಾಡಿದವರು ಅಷ್ಟೊಂದು ಅರಿಶಿನ ಯಾಕೆ ಹಚ್ಚಬೇಕಿತ್ತು, ಇನ್ನೊಂದು. ಮಾಲೀಕರು ಬೇಗ ಬೇಗ ಅಂತ ತಲೆ ತಿಂದರು, ಮತ್ತೊಂದು. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ, ಅದಕ್ಕೂ ಒಂದು. ಸೆಟ್ಟಿಂಗ್ ನೋಡಬೇಕಾದದ್ದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ ಎನ್ನುವಾಗ ಮೇಡಂ ಒಂದಲ್ಲ, ಒಂದು ಹಿಡಿ ತಗೊಂಡು ಆ ಕಡೆ ಹಾಕಿದರು. ಕೊನೆಗೆ ನನ್ನ ಪಾಲಿಗೆ ಉಳಿದದ್ದು ಕರಿಬೇವಿನ ಎಲೆ.

"ಏನ್ರೀ, ದೇವ್ರನ್ನೂ ಬಿಡ್ಲಿಲ್ವಲ್ಲ ನೀವು," ಅಂದರು ಮೇಡಂ, ಬೀಜ ಅಗಿಯುತ್ತಾ.

ನನಗೆ ಸಿಟ್ಟು ಬಂತು. ಹೇಳಿದ್ದರಲ್ಲಿ ಸುಳ್ಳು ಯಾವುದು ಅಂತ ಕೇಳಿದೆ. ಯಾವುದೂ ಸುಳ್ಳಲ್ಲ, ಆದರೆ ಇದು ನಿಮ್ಮ ಕತೆಯಲ್ಲ, ಇದರಲ್ಲಿ ನೀವೇ ಇಲ್ಲ ಎಂದರು. ನಾಳಿದ್ದು ಬನ್ನಿ, ಬರುವಾಗ ನಿಮ್ಮನ್ನೂ ಕರೆದುಕೊಂಡು ಬನ್ನಿ ಅಂದರು.

ಬಸ್ಸಿನಲ್ಲಿ ನಿಂತು ಮನೆಗೆ ಹೋಗುವಾಗ ಯೋಚಿಸಿದೆ. ನಮ್ಮಪ್ಪ ಗಾರೆ ಕೆಲಸದವರು. ಗೋಡೆ ಸ್ವಲ್ಪ ವಾಲಿದರೆ ಮೇಸ್ತ್ರಿ ಕೇಳುವ ಮೊದಲೇ ಅಪ್ಪನ ಬಾಯಲ್ಲಿ ಮಾತು ಸಿದ್ಧವಾಗಿರುತ್ತಿತ್ತು. ಮರಳು ಸರಿಯಿರಲಿಲ್ಲ ಸಾಮಿ. ಅಳತೆ ದಾರ ಜಗ್ಗಿತ್ತು ಸಾಮಿ. ಅದು ಕುತಂತ್ರವಲ್ಲ. ನಂದೇ ತಪ್ಪು ಅಂದವನು ನಾಳೆಯಿಂದ ಬರಬೇಡ ಅನ್ನಿಸಿಕೊಳ್ಳುತ್ತಿದ್ದ. ಅದನ್ನು ನೋಡುತ್ತಾ ಬೆಳೆದವನು ನಾನು. ಅಪ್ಪ ಅಮ್ಮ ಇಬ್ಬರೂ ಓದಿದ ಮನೆಗಳಿಂದ ಬಂದ ನನ್ನ ಸಹಪಾಠಿಗಳು ಐ ಮೆಸ್ಡ್ ಅಪ್ ಅಂತ ಕಾಫಿ ಕುಡಿಯುತ್ತಾ ಹೇಳುವುದನ್ನು ಕೇಳಿದಾಗ, ಇವರಿಗೆ ನಾಳೆಯ ಕೂಲಿಯ ಚಿಂತೆಯಿಲ್ಲ ಅನ್ನಿಸುತ್ತಿತ್ತು. ತಪ್ಪೊಪ್ಪಿಕೊಳ್ಳುವುದೂ ಒಂದು ಅನುಕೂಲಸ್ಥರ ಅಭ್ಯಾಸ. ನನಗೆ ಡಿಗ್ರಿ ಬಂದಿತ್ತು, ಆ ಅಭ್ಯಾಸ ಇನ್ನೂ ಬಂದಿರಲಿಲ್ಲ.

ಎರಡನೆಯ ಸಲ ಮೇಡಂ ಹತ್ತಿರ ಹೋದಾಗ ನಾನು ಪೂರ್ತಿ ತಿರುಗಿಬಿಟ್ಟೆ. ಎಲ್ಲ ತಪ್ಪೂ ನನ್ನದೇ, ನಾನೇ ಬೇಜವಾಬ್ದಾರಿ, ಆ ದಿನ ನಾನು ಇನ್‌ಚಾರ್ಜ್ ಆಗಿರಲು ಯೋಗ್ಯನೇ ಅಲ್ಲ ಅಂತ ಎದೆ ಎದೆ ಬಡಿದುಕೊಂಡೆ. ಒಂದು ಬೀಜವೂ ಆ ಕಡೆ ಹೋಗಲಿಲ್ಲ. ಗೆದ್ದೆ ಅಂದುಕೊಂಡು ಪೊಟ್ಟಣಕ್ಕೆ ಕೈ ಹಾಕಿದೆ. ಮೇಡಂ ಪೊಟ್ಟಣವನ್ನೇ ತಮ್ಮ ಕಡೆಗೆ ಎಳೆದುಕೊಂಡರು.

ಇದು ಇನ್ನೂ ಕಷ್ಟ, ಎಂದರು. ಮೊನ್ನೆ ಬೇರೆಯವರಿಗೆ ಹೊಡೆಯುತ್ತಿದ್ದಿರಿ, ಈಗ ನಿಮಗೇ ಹೊಡೆದುಕೊಳ್ಳುತ್ತಿದ್ದೀರಿ, ಎದುರಿಗೆ ಕೂತವರಿಗೆ ಕಾಣುವುದು ಹೊಡೆತ ಮಾತ್ರ. ಅವರಿಗೆ ಬೇಕಾಗಿರುವುದು ನಿಮ್ಮ ಕೈಲಿ ಇದ್ದ ಕೆಲಸ ಯಾವುದು, ಅದರಲ್ಲಿ ನೀವು ಬಿಟ್ಟದ್ದು ಯಾವುದು, ಆಮೇಲೆ ಏನು ಬದಲಾಯಿತು. ಒಂದೊಂದಕ್ಕೂ ಒಂದೊಂದು ವಾಕ್ಯ ಸಾಕು.

ಮೊದಲಿನ ಎರಡಕ್ಕೆ ಉತ್ತರ ಹುಡುಕಿದೆ. ಗೇಜು ಸರಿಯಿದೆಯೋ ಇಲ್ಲವೋ ಅಂತ ಕೆಲಸ ಶುರುವಾಗುವ ಮುಂಚೆ ಪರೀಕ್ಷಿಸುವುದು ನನ್ನ ಕೆಲಸ. ಲಾರಿ ಕಾಯುತ್ತಿದೆ ಅಂತ ಅವತ್ತು ಅದನ್ನು ಬಿಟ್ಟೆ, ಮೊದಲ ಪೀಸು ಪಾಸು ಅಂತ ಹೇಳಿಬಿಟ್ಟೆ. ಹೇಳಿದಾಗ ಆಶ್ಚರ್ಯವಾಯಿತು, ಅದೆಷ್ಟು ಸಣ್ಣ ವಾಕ್ಯ ಅಂತ. ಒಂದು ವರ್ಷ ಆ ವಾಕ್ಯವನ್ನು ತಪ್ಪಿಸಿಕೊಳ್ಳಲು ನಾನು ಪುರಾಣ ಹೇಳಿಕೊಂಡು ತಿರುಗಿದ್ದೆ.

"ಸರಿ. ಆಮೇಲೆ ಏನ್ ಮಾಡಿದ್ರಿ?"

ಕೆಳಗೆ ಬೇಕರಿಯಲ್ಲಿ ಯಾರೋ ಬಿಸಿ ಪಫ್ಸ್ ಬಂತಾ ಅಂತ ಕೇಳುತ್ತಿದ್ದರು.

ಆಮೇಲೆ ನಾನು ಮಾಡಿದ್ದು ಒಂದೇ. ಆ ಆಪರೇಟರನ್ನು ಬೋರಿಂಗ್ ಮಷಿನ್ನಿಂದ ತೆಗೆಸಿ, ಮೂಲೆಯ ಬೆಂಚಿನಲ್ಲಿ ಪೀಸುಗಳ ಚೂಪು ಅಂಚನ್ನು ಅರದಿಂದ ಉಜ್ಜುವ ಕೆಲಸಕ್ಕೆ ಹಾಕಿಸಿದ್ದೆ. ನನಗಿಂತ ವಯಸ್ಸಿನಲ್ಲಿ ದೊಡ್ಡವರು. ಒಂದು ವರ್ಷದಿಂದ ಅಲ್ಲೇ ಉಜ್ಜುತ್ತಿದ್ದರು. ಗೇಜಿನ ವಿಷಯದಲ್ಲಿ ಏನೂ ಬದಲಾಗಿರಲಿಲ್ಲ. ಬರುವ ಆಯುಧಪೂಜೆಗೂ ಅದೇ ಬಾಳೆಲೆ, ಅದೇ ಅರಿಶಿನ, ಮಾರನೆಯ ಕೆಲಸದ ದಿನ ಅದೇ ಲಾರಿ.

ಇದನ್ನು ಹೇಳಿದೆ. ಬೇಕಾದರೆ ಆಮೇಲೆ ಹೊಸ ಪದ್ಧತಿ ತಂದೆ ಅಂತ ಸೇರಿಸಿಬಿಡಲಾ ಅಂತಲೂ ಕೇಳಿದೆ. ಮೇಡಂ ಕನ್ನಡಕ ತೆಗೆದು ಸೀರೆ ಸೆರಗಿನಲ್ಲಿ ಒರೆಸಿದರು.

"ಕತೆ ನಾನು ಬೇಕಾದ್ರೆ ತಿದ್ದಿ ಕೊಡ್ತೀನಿ ರೀ. ಆದ್ರೆ ಕಲೀದೇ ಇರೋದನ್ನ ಕಲಿತೆ ಅಂತ ಹೇಳ್ಸಕ್ಕೆ ನನ್ ಕೈಲಿ ಆಗಲ್ಲ. ಅವ್ರು ಎರಡನೇ ಪ್ರಶ್ನೆ ಕೇಳಿದ್ ತಕ್ಷಣ ಸಿಕ್ಕಾಕೊಳ್ತೀರಿ."

ಇಂಟರ್‌ವ್ಯೂ ಮುಂದಿನ ವಾರವಿತ್ತು.

ಮಾರನೆಯ ದಿನ ಊಟದ ಹೊತ್ತಿಗೆ ಮೂಲೆಯ ಬೆಂಚಿನ ಹತ್ತಿರ ಹೋದೆ. ಆಪರೇಟರ್ ಡಬ್ಬಿಯಿಂದ ಮುದ್ದೆ ತೆಗೆಯುತ್ತಿದ್ದರು. ಮಾಗಡಿ ರಸ್ತೆ ಕಡೆಯ ಹಳೇ ಊರಿನವರು, ಮಾತಿನಲ್ಲಿ ಯಾರಿಗೂ ಬಿಟ್ಟುಕೊಡುವವರಲ್ಲ. ಆದರೆ ಒಂದು ವರ್ಷದಿಂದ ನನ್ನ ಹತ್ತಿರ ಹೂಂ, ಉಹೂಂ ಬಿಟ್ಟು ಬೇರೆ ಮಾತಿರಲಿಲ್ಲ. ಅವತ್ತು ಗೇಜು ಚೆಕ್ ಮಾಡಬೇಕಾಗಿದ್ದವನು ನಾನು, ಮಾಡಲಿಲ್ಲ, ನಿಮ್ಮನ್ನು ಇಲ್ಲಿ ಕೂರಿಸಿದ್ದು ತಪ್ಪಾಯಿತು ಅಂದೆ. ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಏನ್ ಸಾರ್, ಕೆಲ್ಸ ಬಿಡ್ತಾ ಇದೀರಾ?"

ನಗು ತಡೆಯಲಾಗಲಿಲ್ಲ. ಬಿಡೋ ಪ್ರಯತ್ನದಲ್ಲಿದೀನಿ ಅಂದೆ. ಅವರೂ ನಕ್ಕರು, ಆದರೆ ಪೂರ್ತಿ ಅಲ್ಲ.

"ನಾನು ಒರೆಸ್ಬೇಕಿತ್ತು, ಅದು ನಂಗೂ ಗೊತ್ತು. ಆದ್ರೆ ಹೆಂಗಾಯ್ತಣ್ಣಾ ಅಂತ ನೀವು ಒಂದ್ ಮಾತು ಕೇಳ್ಬೋದಿತ್ತು ಸಾರ್. ಅಷ್ಟೇ ನಂದು."

ಆ ಒಂದು ಮಾತನ್ನು ನಾನು ಅಲ್ಲೇ ಕೇಳಿದೆ. ಹೆಂಗಾಯ್ತು, ಮುಂದೆ ಹಿಂಗಾಗದ ಹಾಗೆ ಹೆಂಗೆ ಮಾಡೋದು ಅಂತ. ಇಬ್ಬರೂ ಊಟದ ಹೊತ್ತು ಮುಗಿಯುವವರೆಗೂ ಮಾತಾಡಿದೆವು. ಪೂಜೆಗೆ ಗೇಜು ಇಡಬಾರದು ಅಂತ ನಾನಂದೆ. ದೇವರಿಗೆ ಇಡದ ಆಯುಧ ಹಿಡಿದು ಕೆಲಸ ಮಾಡಲ್ಲ ಅಂತ ಅವರಂದರು. ಒರೆಸಬೇಕು ಅಂತ ಬೋರ್ಡು ಹಾಕೋಣ ಅಂದೆ. ಬೋರ್ಡಿಗೂ ಅರಿಶಿನ ಹಚ್ತಾರೆ ಅಂದರು. ಕೊನೆಗೆ ನನಗೆ ಹೊಳೆದದ್ದು, ವಾಪಸ್ಸು ಬಂದ ಲೋಡಿನ ಪೀಸು. ಗುಜರಿ ಡಬ್ಬದಲ್ಲಿ ಇನ್ನೂ ಕೆಲವು ಇದ್ದವು. ತೂತು ದೊಡ್ಡದಾಗಿರುವ ಒಂದನ್ನು ಆರಿಸಿ, ಮೈಕ್ರೋಮೀಟರಿನಲ್ಲಿ ಅಳೆದ ಇನ್ನೊಂದು ಗೇಜಿನಿಂದ ಖಾತ್ರಿ ಮಾಡಿಕೊಂಡು, ಅದರ ಹೊರಮೈಗೆ ಕೆಂಪು ಬಣ್ಣ ಬಳಿದೆವು. ದಿನಾ ಬೆಳಿಗ್ಗೆ ಗೇಜನ್ನು ಪೆಟ್ರೋಲಿನಲ್ಲಿ ತೊಳೆದ ಮೇಲೆ ಮೊದಲು ಆ ಕೆಟ್ಟ ಪೀಸಿಗೆ ಹಾಕಬೇಕು. ನೋ-ಗೋ ತುದಿ ಅದರೊಳಗೆ ಇಳಿಯಲೇಬೇಕು. ಕೆಟ್ಟದ್ದನ್ನು ಕೆಟ್ಟದ್ದು ಅಂತ ಹೇಳದ ಗೇಜಿಗೆ ಆ ದಿನ ಕೆಲಸವಿಲ್ಲ. ಅರಿಶಿನವೇ ಆಗಲಿ, ಗ್ರೀಸೇ ಆಗಲಿ, ಏನು ಮೆತ್ತಿಕೊಂಡಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ.

ಆ ವಾರವೇ ಮಾಲೀಕರಿಗೆ ಹೇಳಿ ಆಪರೇಟರನ್ನು ಮತ್ತೆ ಬೋರಿಂಗ್ ಮಷಿನ್ನಿಗೆ ಹಾಕಿಸಿದೆ. ಅವರು ಬೆಂಚಿನ ಮೇಲಿದ್ದ ಅರವನ್ನು ನನ್ನ ಕೈಗೆ ಕೊಟ್ಟು, ಇನ್ನು ನೀವು ಉಜ್ಜಿ ಸಾರ್, ನಿಮ್ದೂ ಅಂಚು ಸ್ವಲ್ಪ ಚೂಪಿದೆ ಅಂದರು.

ಇಂಟರ್‌ವ್ಯೂಗೆ ಕೆಂಗೇರಿಯ ಆಚೆ ಬಸ್ಸಿಳಿದು ನಡೆದುಕೊಂಡು ಹೋದೆ. ಗೇಟಿನ ಹತ್ತಿರ ಶೂ ಒರೆಸಿಕೊಂಡೆ. ಎದುರಿಗೆ ಇಬ್ಬರು. ಒಬ್ಬಾಕೆ ಎಚ್.ಆರ್., ಇನ್ನೊಬ್ಬರು ತಲೆ ನರೆತ ಪ್ಲಾಂಟ್ ಹೆಡ್. ಕೆಲಸದ ಪ್ರಶ್ನೆಗಳೆಲ್ಲ ಮುಗಿದವು. ಆಕೆ ಒರಗಿದ ರೀತಿಯಲ್ಲೇ ಗೊತ್ತಾಯಿತು, ಬಂತು ಅಂತ. ಕೇಳಿದರು.

ಹೇಳಿದೆ. ಇಂಗ್ಲಿಷಿನಲ್ಲಿ ಶುರು ಮಾಡಿದವನು ಅರಿಶಿನದ ಹತ್ತಿರ ಬರುವಾಗ ಕನ್ನಡಕ್ಕೆ ಇಳಿದೆ, ಪ್ಲಾಂಟ್ ಹೆಡ್ಡೂ ಇಳಿದರು. ಗೇಜು ಪರೀಕ್ಷೆ ನನ್ನ ಕೆಲಸ, ಲಾರಿ ನೋಡಿ ಬಿಟ್ಟೆ, ಲೋಡು ವಾಪಸ್ಸು ಬಂತು. ಆಪರೇಟರಿಗೆ ಶಿಕ್ಷೆ ಕೊಟ್ಟೆ, ಪದ್ಧತಿ ಬದಲಾಯಿಸಲಿಲ್ಲ, ಅದು ಎರಡನೆಯ ತಪ್ಪು. ಈಗ ಅವರು ವಾಪಸ್ಸು ಮಷಿನ್ನಿನಲ್ಲಿದ್ದಾರೆ, ಕೆಂಪು ಪೀಸು ಮೇಜಿನ ಮೇಲಿದೆ. ಪ್ಲಾಂಟ್ ಹೆಡ್ ಮುಂದಕ್ಕೆ ಬಾಗಿದರು.

"ಈ ಕೆಂಪು ಪೀಸು ಯಾವಾಗ ಮಾಡಿದ್ದು?"

ಮೇಡಂ ಹೇಳಿದ್ದ ಎರಡನೇ ಪ್ರಶ್ನೆ ಇದೇ. ಹೋದ ವರ್ಷವೇ ಅಂತ ಹೇಳಿಬಿಡಬಹುದಿತ್ತು. ನಮ್ಮಪ್ಪನ ಮರಳು, ದಾರ ಎಲ್ಲ ಗಂಟಲಿಗೆ ಬಂತು.

"ಹೋದ ವಾರ ಸಾರ್. ತಪ್ಪಾಗಿದ್ದು ಹೋದ ವರ್ಷ."

"ಮಧ್ಯೆ ಏನ್ ಮಾಡ್ತಿದ್ರಿ?"

"ಬೇರೆಯವರನ್ನ ಬೈಕೊಂಡಿದ್ದೆ ಸಾರ್."

ಎಚ್.ಆರ್. ನವರು ತಲೆ ತಗ್ಗಿಸಿ ನಕ್ಕರು. ಪ್ಲಾಂಟ್ ಹೆಡ್ ನಗಲಿಲ್ಲ. ಅದು ಕೆಲಸ ಮಾಡುತ್ತದೆ ಅಂತ ಹೇಗೆ ಗೊತ್ತು ಎಂದು ಕೇಳಿದರು. ಇನ್ನೂ ಪೂರ್ತಿ ಗೊತ್ತಿಲ್ಲ, ನಿಜವಾದ ಪರೀಕ್ಷೆ ಆಯುಧಪೂಜೆ ಆದ ಮೇಲಿನ ಬೆಳಿಗ್ಗೆ ಅಂದೆ. ಅವರು ಪೆನ್ನಿನ ಕ್ಯಾಪ್ ತೆಗೆದು ಏನೋ ಬರೆದುಕೊಂಡರು. ಕ್ಯಾಪ್ ಹಾಕಿದ್ದಲ್ಲ, ತೆಗೆದದ್ದು. ನಾನು ಗಮನಿಸಿದೆ.

ಕೆಲವು ದಿನ ಬಿಟ್ಟು ಮೇಡಂ ಫೋನ್ ಮಾಡಿದರು. ಆಯ್ತು ಕಣ್ರೀ, ಬಂದು ಕಾಗದ ತಗೊಳ್ಳಿ, ಬರುವಾಗ ಬೇಕರಿಯಲ್ಲಿ ಕಾಂಗ್ರೆಸ್ ಬೀಜ ಕಟ್ಟಿಸಿಕೊಂಡು ಬನ್ನಿ, ನನ್ನ ಪಾಲು ಬಾಕಿಯಿದೆ ಅಂದರು. ಮನೆಯಲ್ಲಿ ಹೇಳಿದಾಗ ಅಪ್ಪ, ಏನಂತ ಹೇಳಿ ಕೆಲಸ ತಗೊಂಡೆ ಎಂದು ಕೇಳಿದರು. ನಂದೇ ತಪ್ಪು ಅಂತ ಹೇಳಿ ತಗೊಂಡೆ ಅಂದೆ. ಅಪ್ಪ ನಂಬಲಿಲ್ಲ. ಇವತ್ತಿಗೂ ಪೂರ್ತಿ ನಂಬಿಲ್ಲ.

ಹಳೆಯ ಕೆಲಸ ಬಿಡಲು ಇನ್ನೂ ದಿನಗಳಿದ್ದವು, ಅಷ್ಟರಲ್ಲಿ ಆಯುಧಪೂಜೆ ಬಂತು. ಕುಂಬಳಕಾಯಿ ಒಡೆದೆವು, ಪುರಿ ಹಂಚಿದೆವು. ಆಪರೇಟರ್ ಬೇಕೆಂದೇ ಗೇಜಿಗೆ ಅರಿಶಿನ ದಪ್ಪಗೆ ಮೆತ್ತಿ, ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಹಬ್ಬ ಮುಗಿಸಿ ಬಂದ ಬೆಳಿಗ್ಗೆ ಗೇಟಿನ ಹೊರಗೆ ಲಾರಿ ನಿಂತಿತ್ತು. ಅವರು ಗೇಜು ತೊಳೆದು, ಬಟ್ಟೆಯಲ್ಲಿ ಒರೆಸಿ, ಕೆಂಪು ಪೀಸಿಗೆ ಹಾಕಿದರು. ನೋ-ಗೋ ಇಳಿಯಲಿಲ್ಲ. ತುದಿಯ ಸುತ್ತ ಹಳದಿ ಗೆರೆಯೊಂದು ಇನ್ನೂ ಕೂತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅವರು ಇನ್ನೊಮ್ಮೆ ಪೆಟ್ರೋಲಿಗೆ ಅದ್ದಿ ಉಜ್ಜತೊಡಗಿದರು. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ನಾನು ಸ್ಟೂಲ್ ಎಳೆದುಕೊಂಡು ಅವರ ಪಕ್ಕ ಕೂತೆ.